ಒಂದೇ ಸಂಖ್ಯೆಯ ದಾರದಲ್ಲಿ ಶಾಲಾ ಅನುದಾನದ ಲೆಕ್ಕ

ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ನಮ್ಮ ಶಾಲೆಯಲ್ಲಿ ನೂರೆಂಬತ್ತರ ಸುಮಾರು ಮಕ್ಕಳಿದ್ದುದರಿಂದ ಸಮಗ್ರ ಶಿಕ್ಷಣದ ಶಾಲಾ ಅನುದಾನ 50,000 ರೂಪಾಯಿ ಬರುತ್ತಿತ್ತು. ಪ್ರತಿ ಬಿಲ್ಲಿಗೂ ವೆಚ್ಚದ ಶೀರ್ಷಿಕೆಯ ಅಕ್ಷರ ಮತ್ತು ಕ್ರಮಸಂಖ್ಯೆ ಕೊಟ್ಟು, ಅದನ್ನೇ ವೋಚರ್, ನಗದು ಪುಸ್ತಕ, ದಾಸ್ತಾನು ವಹಿಗಳಲ್ಲಿ ಬರೆಯುವ ನನ್ನ ಕ್ರಮವನ್ನು ಕಂಡು ಕ್ಲಸ್ಟರಿನ ಮುಖ್ಯಗುರುಗಳು, "ಸರ, ಇಷ್ಟ್ ಬರೀಲಿಕ್ಕ ಯಾರಿಗ್ ಪುರಸತ್ತದ?" ಎಂದು ನಕ್ಕಿದ್ದರು. ಆಕ್ಷೇಪವಿಲ್ಲದೆ ಬಳಕೆ ಪ್ರಮಾಣ ಪತ್ರ ಅಂಗೀಕಾರವಾದ ಮೇಲೆ ಅವರೇ ನನ್ನ ವಹಿಯ ಫೋಟೋ ತೆಗೆದುಕೊಂಡು ಹೋದರು.

ಹಿಂದಿನ ಪದ್ಧತಿಗಳು ಸೋತದ್ದು ಹೆಚ್ಚಾಗಿ ಮಿಶ್ರ ಬಿಲ್ಲಿನಲ್ಲಿ. ಹಾರ್ಡ್‌ವೇರ್ ಅಂಗಡಿಯವರು ವೈರು, ಸ್ವಿಚ್ಚು, ಫಿನೈಲು, ಪೊರಕೆ ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಿ ಆರು ಸಾವಿರದಷ್ಟು ಮೊತ್ತ ಬರೆದುಕೊಡುತ್ತಿದ್ದರು. ಇಡೀ ಬಿಲ್ಲು ದುರಸ್ತಿಗೆ ಹೋಗಿ, ಅನುದಾನದ ಕನಿಷ್ಠ ಶೇಕಡ 10ರಷ್ಟು, ಅಂದರೆ 5,000 ರೂಪಾಯಿ, ತೋರಿಸಲೇಬೇಕಾದ ಸ್ವಚ್ಛತೆಯ ವೆಚ್ಚ ಕಾಗದದಲ್ಲಿ ಕಡಿಮೆ ಬೀಳುತ್ತಿತ್ತು. ಬಣ್ಣಬಣ್ಣದ ಫೈಲುಗಳನ್ನು ಮಾಡಿ ನೋಡಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಒಂದು ಬಿಲ್ಲು ಎರಡು ಫೈಲುಗಳಲ್ಲಿ ಇರಲಾರದು. ಈಗ ಅಂಗಡಿಯಲ್ಲೇ ಶೀರ್ಷಿಕೆವಾರು ಪ್ರತ್ಯೇಕ ಬಿಲ್ಲು ಬರೆಸುತ್ತೇನೆ. ಗಿರಾಕಿಗಳ ಗದ್ದಲದಲ್ಲಿ ಅಂಗಡಿಯವರನ್ನು ಅದಕ್ಕೆ ಒಪ್ಪಿಸುವ ಉಪಾಯವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಈ ಕ್ರಮ ಅನುಸರಿಸಿದ ವರ್ಷ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ದುರಸ್ತಿಗೆ 17,000, ಬೋಧನೋಪಕರಣಕ್ಕೆ 12,000 ಎಂದು ಒಪ್ಪಿತ್ತು. ಬೇಸಿಗೆಯ ಹೊತ್ತಿಗೆ ನೀರಿನ ಮೋಟಾರು ಸುಟ್ಟು, ದುರಸ್ತಿಯ ಅಂದಾಜು ಸುಮಾರು 18,400ಕ್ಕೆ ಏರಿತು. ಹಣ ಕೊಡುವ ಮೊದಲೇ ಸಭೆ ಕರೆದು, ಬೋಧನೋಪಕರಣದಲ್ಲಿ ಉಳಿಯಲಿದ್ದ 1,400 ರೂಪಾಯಿಯನ್ನು ದುರಸ್ತಿಗೆ ವರ್ಗಾಯಿಸುವ ನಡಾವಳಿ ಬರೆಸಿದೆ. ತಪಾಸಣೆಯಲ್ಲಿ ಮೊದಲು ನೋಡುವುದು ನಡಾವಳಿಯ ದಿನಾಂಕ ಬಿಲ್ಲಿನ ದಿನಾಂಕಕ್ಕಿಂತ ಹಿಂದಿದೆಯೇ ಎಂಬುದನ್ನೇ. ಮೋಟಾರು ಕಟ್ಟಿದ ಮಿಸ್ತ್ರಿಯ ಕೂಲಿ 5,000 ದಾಟಿದ್ದರಿಂದ ರಸೀದಿಗೆ ಒಂದು ರೂಪಾಯಿಯ ಕಂದಾಯ ಮುದ್ರೆಯನ್ನೂ ಅಂಟಿಸಿದ್ದೆ. ಹಳೆಯ ವರ್ಷಗಳ ಕಡತಗಳಲ್ಲಿ ಅದು ಇಲ್ಲದ ರಸೀದಿಗಳೇ ಹೆಚ್ಚು.

ಕಂಪ್ಯೂಟರಿನಲ್ಲಿ ಇದೇ ಲೆಕ್ಕದ ತಖ್ತೆ ಮಾಡಿ ನೋಡಿದ್ದೂ ಉಂಟು. ಮೊತ್ತ ತಾನಾಗಿಯೇ ಬಂದರೂ, ಸಹಿ ಹಾಕುವ ಅಧ್ಯಕ್ಷರಿಗೆ ಕೈಬರಹದ ವಹಿಯೇ ಹೆಚ್ಚು ನಂಬಿಕೆಯದ್ದಾಗಿತ್ತು.

ಕೊನೆಯ ತೊಡಕು ಮಾರ್ಚ್ 31ರದು. ನಗದು ಪುಸ್ತಕದಲ್ಲಿ ಅನುದಾನವೆಲ್ಲ ಖರ್ಚಾಗಿ ಬಡ್ಡಿಯ ನಾನೂರು ಚಿಲ್ಲರೆ ಮಾತ್ರ ಉಳಿದಿದ್ದರೆ, ಜಂಟಿ ಖಾತೆಯ ಪಾಸ್‌ಬುಕ್ 2,700ರ ಆಸುಪಾಸು ಶಿಲ್ಕು ತೋರಿಸುತ್ತಿತ್ತು. ಅಂಗಡಿಯವರೊಬ್ಬರು 2,300ರ ಚೆಕ್ಕನ್ನು ಇನ್ನೂ ಬ್ಯಾಂಕಿಗೆ ಹಾಕಿರಲಿಲ್ಲ. ವರದಿಯ ಅಂಕಿಗಳನ್ನು ಪಾಸ್‌ಬುಕ್ಕಿಗೆ ಹೊಂದಿಸಲು ತಿದ್ದದೆ, ಚೆಕ್ ಸಂಖ್ಯೆ, ದಿನಾಂಕ ಮತ್ತು ವೋಚರ್ ಸಂಖ್ಯೆ ಬರೆದ ಹೊಂದಾಣಿಕೆ ಪಟ್ಟಿಯನ್ನು ಲಗತ್ತಿಸಿ, ಬಡ್ಡಿಯನ್ನು ಅನುದಾನದ ವೆಚ್ಚದಲ್ಲಿ ಬೆರೆಸದೆ ಬೇರೆ ಸಾಲಿನಲ್ಲಿ ತೋರಿಸಿದೆ. ಆ ಪಟ್ಟಿಯ ಮೇಲೆ ಒಂದೇ ಒಂದು ಪ್ರಶ್ನೆಯೂ ಬರಲಿಲ್ಲ.