ಮುಳ್ಳಿಗೆ ವಿಮಾನದ ಮೂಗು ಕಾಣುವುದಿಲ್ಲ

ತರಬೇತಿಯ ದಿನಗಳಲ್ಲಿ ನನ್ನ ಇನ್‌ಸ್ಟ್ರಕ್ಟರ್ ಒಮ್ಮೆ "240 ರೇಡಿಯಲ್ ಹಿಡಿದು ಸ್ಟೇಷನ್ ಕಡೆಗೆ ಹೋಗು" ಎಂದರು. ಸ್ಟೇಷನ್ ಎಂದರೆ ವಿಒಆರ್, ವಿಮಾನಗಳಿಗೆ ದಾರಿ ತೋರಿಸಲು ನೆಲದಿಂದ ರೇಡಿಯೊ ಸಂಕೇತ ಕಳಿಸುವ ಕೇಂದ್ರ. ರೇಡಿಯಲ್ ಎಂದರೆ ಅದರ ಸುತ್ತ ಡಿಗ್ರಿ ಲೆಕ್ಕದಲ್ಲಿ ಎಣಿಸುವ ದಿಕ್ಕಿನ ಗೆರೆ. ನಾನು ದಿಕ್ಕು ಆರಿಸುವ ಒಬಿಎಸ್ ಗುಂಡಿ ತಿರುಗಿಸಿ 240 ಇಟ್ಟೆ. ವಿಮಾನದ ಹೆಡಿಂಗ್, ಅಂದರೆ ಮೂಗಿನ ದಿಕ್ಕು, 060 ಇತ್ತು. ಗೆರೆ ಯಾವ ಕಡೆಗಿದೆ ಎಂದು ತೋರಿಸುವ ಮುಳ್ಳು ಬಲಕ್ಕೆ ಎರಡೂವರೆ ಚುಕ್ಕಿ ಸರಿದಿತ್ತು. ಮುಳ್ಳು ಇರುವ ಕಡೆಗೆ ತಿರುಗಬೇಕು ಎಂದು ಓದಿದ್ದೆ, ಬಲಕ್ಕೆ ತಿರುಗಿದೆ. ಮುಳ್ಳು ಮಧ್ಯಕ್ಕೆ ಬರುವ ಬದಲು ಇನ್ನೂ ಬಲಕ್ಕೆ ಹೋಯಿತು. ಇನ್ನಷ್ಟು ತಿರುಗಿದೆ. ಅದು ಅಂಚಿಗೆ ಹೋಗಿ ಅಂಟಿಕೊಂಡಿತು.

"ಒಬಿಎಸ್‌ನಲ್ಲಿ ಎಷ್ಟಿದೆ? ನೀನು ಹೋಗ್ತಿರೋದು ಯಾವ ಕಡೆಗೆ?" ಎಂದು ಅವರು ಕೇಳಿದರು. ಆ ಎರಡು ಪ್ರಶ್ನೆಯಲ್ಲೇ ಉತ್ತರವಿತ್ತು, ಆದರೆ ಅದು ಪೂರ್ತಿ ಅರ್ಥವಾಗಿದ್ದು ಇಳಿದ ಮೇಲೆ, ಕಾಗದದ ಮೇಲೆ ಚಿತ್ರ ಬರೆದಾಗ.

ವಿಒಆರ್ ಸ್ಟೇಷನ್ ಎರಡು ಸಂಕೇತಗಳನ್ನು ಕಳಿಸುತ್ತದೆ. ಎರಡೂ ಸೆಕೆಂಡಿಗೆ 30 ಸಲ ಏರಿಳಿಯುತ್ತವೆ. ಮೊದಲನೆಯದು ಎಲ್ಲ ದಿಕ್ಕಿಗೂ ಒಂದೇ ಹೊತ್ತಿಗೆ ಏರುತ್ತದೆ. ಎರಡನೆಯದು ಸುತ್ತುತ್ತಾ ಹೋಗುತ್ತದೆ, ಹಾಗಾಗಿ ಒಂದೊಂದು ದಿಕ್ಕಿನಲ್ಲಿ ಒಂದೊಂದು ಹೊತ್ತಿಗೆ ಏರುತ್ತದೆ. ಸ್ಟೇಷನ್‌ನಿಂದ ಕಾಂತೀಯ ಉತ್ತರಕ್ಕೆ ಇದ್ದರೆ ಎರಡೂ ಒಟ್ಟಿಗೇ ಏರುತ್ತವೆ. ಅಲ್ಲಿಂದ ಪ್ರದಕ್ಷಿಣೆಯಾಗಿ ಸರಿದಷ್ಟೂ ಎರಡನೆಯದು ತಡವಾಗುತ್ತದೆ. ಒಂದು ಸುತ್ತಿಗೆ ಸುಮಾರು 33 ಮಿಲಿಸೆಕೆಂಡ್ ಬೇಕು. 240 ಡಿಗ್ರಿ ಎಂದರೆ ಸುತ್ತಿನ ಮೂರರಲ್ಲಿ ಎರಡು ಭಾಗ, ಅಂದರೆ ಸುಮಾರು 22 ಮಿಲಿಸೆಕೆಂಡ್ ತಡ. ವಿಮಾನದ ರಿಸೀವರ್ ಅಳೆಯುವುದು ಆ ತಡವನ್ನು ಮಾತ್ರ.

ಈ ಲೆಕ್ಕದಲ್ಲಿ ವಿಮಾನದ ಮೂಗು ಯಾವ ಕಡೆ ಇದೆ ಎಂಬುದು ಎಲ್ಲೂ ಬರುವುದಿಲ್ಲ ಅಲ್ವಾ? ನೀವು 240 ರೇಡಿಯಲ್ ಮೇಲೆ ಇದ್ದು ಅಲ್ಲೇ ಗಿರಕಿ ಹೊಡೆದರೂ ಮುಳ್ಳು ಕದಲುವುದಿಲ್ಲ. ಅದು ಹೇಳುವುದು ನೀವು ಎಲ್ಲಿದ್ದೀರಿ ಎಂದು ಮಾತ್ರ. ಎಡ, ಬಲ ಎಂದು ತೋರಿಸುವಾಗ, ನೀವು ಒಬಿಎಸ್‌ನಲ್ಲಿ ಇಟ್ಟ ದಿಕ್ಕಿಗೇ ಮುಖ ಮಾಡಿದ್ದೀರಿ ಎಂದುಕೊಂಡು ತೋರಿಸುತ್ತದೆ. ನಾನು 240 ಇಟ್ಟು 060 ಕಡೆಗೆ ಹೋಗುತ್ತಿದ್ದೆ. ಹಾಗಾಗಿ ಅದರ ಬಲ ನನ್ನ ಎಡವಾಗಿತ್ತು.

ರೇಡಿಯಲ್ ಯಾವತ್ತೂ ಸ್ಟೇಷನ್‌ನಿಂದ ಹೊರಗೆ ಹೋಗುವ ಗೆರೆ. ಅದರ ಮೇಲೆ ಒಳಗೆ ಬರುವುದಾದರೆ ಕೋರ್ಸ್, ಅಂದರೆ ಹೋಗಬೇಕಾದ ದಿಕ್ಕು, ಅದರ ವಿರುದ್ಧದ ಸಂಖ್ಯೆ. 240 ರೇಡಿಯಲ್ ಮೇಲೆ ಒಳಗೆ ಬರಲು ಒಬಿಎಸ್‌ನಲ್ಲಿ 060 ಇರಬೇಕು, ಪಕ್ಕದ ಗುರುತು 'ಟು' ಎಂದು ತೋರಿಸಬೇಕು.

ಮುಂದಿನ ಸಲ ಅದೇ ಕೆಲಸವನ್ನು ಮೊದಲಿಂದ ಮಾಡಿದೆ. ಫ್ರೀಕ್ವೆನ್ಸಿ ಹಾಕಿ, ಸ್ಟೇಷನ್ ತನ್ನ ಹೆಸರಾಗಿ ಕಳಿಸುವ ಮೋರ್ಸ್ ಗುರುತು ಪೂರ್ತಿ ಕೇಳಿಸಿಕೊಂಡೆ. ಇದನ್ನು ನಾನು ಈಗಲೂ ಬಿಡುವುದಿಲ್ಲ. ರಿಪೇರಿ ನಡೆಯುವಾಗ ಸ್ಟೇಷನ್‌ನವರು ಗುರುತನ್ನು ತೆಗೆದುಬಿಡುತ್ತಾರೆ, ಆಗಲೂ ಮುಳ್ಳು ಸರಿಯಾಗಿದೆ ಎಂಬಂತೆ ಕಾಣಬಹುದು. ಆಮೇಲೆ 'ಫ್ರಮ್' ಗುರುತಿನೊಂದಿಗೆ ಮುಳ್ಳು ಮಧ್ಯಕ್ಕೆ ಬರುವವರೆಗೂ ಗುಂಡಿ ತಿರುಗಿಸಿದೆ. 225 ಬಂತು. ಸ್ಟೇಷನ್‌ಗೆ ಇರುವ ದೂರ ಅಳೆಯುವ ಡಿಎಂಇ 30 ನಾಟಿಕಲ್ ಮೈಲಿ ತೋರಿಸಿತು.

ಅಂದರೆ ಬೇಕಾದ ಗೆರೆಯಿಂದ 15 ಡಿಗ್ರಿ ಆಚೆ ಇದ್ದೆ. 60 ಮೈಲಿ ದೂರದಲ್ಲಿ ಒಂದು ಡಿಗ್ರಿಗೆ ಒಂದು ಮೈಲಿ ಎಂಬ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. 30 ಮೈಲಿಯಲ್ಲಿ ಅದು ಅರ್ಧ ಮೈಲಿ, 15 ಡಿಗ್ರಿಗೆ ಏಳೂವರೆ ಮೈಲಿ. ಈಗ ಒಬಿಎಸ್‌ನಲ್ಲಿ 060 ಇಟ್ಟೆ. 'ಟು' ಬಂತು, ಮುಳ್ಳು ಎಡ ಅಂಚಿಗೆ ಹೋಗಿ ನಿಂತಿತು. ಗೆರೆ ಎಡಕ್ಕಿದೆ. 45 ಡಿಗ್ರಿ ಕೋನದಲ್ಲಿ ಹಿಡಿಯೋಣ ಎಂದು ಹೆಡಿಂಗ್ 015 ಮಾಡಿದೆ.

ಆಮೇಲೆ ನಾಲ್ಕು ನಿಮಿಷ ಮುಳ್ಳು ಅಲುಗಾಡಲೇ ಇಲ್ಲ. ಹೊಸಬರಿಗೆ ಇಲ್ಲೇ ತಾಳ್ಮೆ ತಪ್ಪುತ್ತದೆ. ಒಂದು ಚುಕ್ಕಿ ಎಂದರೆ 2 ಡಿಗ್ರಿ, ಐದು ಚುಕ್ಕಿಗೆ 10. ಅದಕ್ಕಿಂತ ಜಾಸ್ತಿ ದೂರ ಇದ್ದರೆ 11 ಡಿಗ್ರಿಯೋ 40 ಡಿಗ್ರಿಯೋ ಮುಳ್ಳು ಹೇಳುವುದಿಲ್ಲ. 10 ಡಿಗ್ರಿಯೊಳಗೆ ಬಂದಾಗ ಅದು ಮೆಲ್ಲಗೆ ಅಂಚು ಬಿಟ್ಟಿತು. ಮತ್ತೆ ಐದು ನಿಮಿಷಕ್ಕೆ ಮಧ್ಯಕ್ಕೆ ಬಂತು. ಪೂರ್ತಿ ಮಧ್ಯಕ್ಕೆ ಬರುವ ಸ್ವಲ್ಪ ಮುಂಚೆಯೇ ತಿರುಗಲು ಶುರು ಮಾಡಿ 060ಕ್ಕೆ ನಿಂತೆ. ಆಗ ಡಿಎಂಇ ಸುಮಾರು 18 ಇತ್ತು.

ಈಗ ಗಾಳಿಯ ಕೆಲಸ. ಅವತ್ತು 330ರ ಕಡೆಯಿಂದ, ಅಂದರೆ ನೇರ ಎಡಗಡೆಯಿಂದ, ಸುಮಾರು 20 ನಾಟ್ ಬೀಸುತ್ತಿತ್ತು. ನಮ್ಮ ವೇಗ 100 ನಾಟ್. 060 ಹೆಡಿಂಗ್ ಅಲುಗದಂತೆ ಇಟ್ಟುಕೊಂಡೆ, ಮುಳ್ಳು ನಿಧಾನವಾಗಿ ಎಡಕ್ಕೆ ಸರಿಯಿತು. ಗಾಳಿ ನನ್ನನ್ನು ಬಲಕ್ಕೆ ತಳ್ಳುತ್ತಿತ್ತು. ಒಂದು ಚುಕ್ಕಿ ಆಗುವ ಹೊತ್ತಿಗೆ ಎಡಕ್ಕೆ 20 ಡಿಗ್ರಿ ತಿರುಗಿ 040 ಹಿಡಿದೆ. ಮುಳ್ಳು ವಾಪಸ್ ಬಂತು. ಮಧ್ಯಕ್ಕೆ ಬಂದ ಕೂಡಲೇ 060ಕ್ಕೆ ಹೋಗದೆ ಅರ್ಧ ತಿದ್ದುಪಡಿ ಉಳಿಸಿಕೊಂಡು 050 ಇಟ್ಟೆ. ಸಾಕಾಗಲಿಲ್ಲ, ಮುಳ್ಳು ತುಂಬಾ ನಿಧಾನವಾಗಿ ಮತ್ತೆ ಎಡಕ್ಕೆ ಹೊರಟಿತು. ಸ್ವಲ್ಪ ತಿದ್ದಿ ಗೆರೆಗೆ ಬಂದು 048 ಇಟ್ಟೆ. ಅಲ್ಲಿಗೆ ನಿಂತಿತು.

ಈ ಇಡೀ ಕೆಲಸದಲ್ಲಿ ನಾನು ಹಿಡಿಯುತ್ತಿದ್ದುದು ಹೆಡಿಂಗ್. ಮುಳ್ಳನ್ನಲ್ಲ. ಒಂದು ಹೆಡಿಂಗ್ ಇಟ್ಟು, ಅದು ಏನು ಮಾಡುತ್ತದೆ ಎಂದು ನೋಡಿ, ಆಮೇಲೆ ಇನ್ನೊಂದು ಇಡಬೇಕು. ಮುಳ್ಳು ಅಲುಗಿದಾಗೆಲ್ಲ ಸುಮ್ನೆ ತಿರುಗುತ್ತಾ ಹೋದರೆ ಹಾವಿನ ಹಾಗೆ ಗೆರೆಯ ಆ ಕಡೆ ಈ ಕಡೆ ಹರಿದಾಡುತ್ತೀರಿ, ಗಾಳಿಗೆ ಎಷ್ಟು ಕೋನ ಬೇಕು ಎಂದು ಕೊನೆಗೂ ತಿಳಿಯುವುದಿಲ್ಲ.

ಹತ್ತಿರ ಬಂದಂತೆ ಮುಳ್ಳು ಚುರುಕಾಗುತ್ತದೆ, ಕಾರಣ ರೇಡಿಯಲ್‌ಗಳು ಒಂದೇ ಕಡೆಗೆ ಬಂದು ಸೇರುತ್ತವೆ. 30 ಮೈಲಿಯಲ್ಲಿ ಒಂದು ಚುಕ್ಕಿ ಎಂದರೆ ಒಂದು ಮೈಲಿ ಆಚೀಚೆ. 3 ಮೈಲಿಯಲ್ಲಿ ಅದೇ ಚುಕ್ಕಿ ಸುಮಾರು 185 ಮೀಟರ್ ಅಷ್ಟೇ. ಅದಕ್ಕೇ ಕೊನೆಯ ಎರಡು ಮೈಲಿಯಲ್ಲಿ ನಾನು 048 ಬಿಟ್ಟು ಅಲುಗಲಿಲ್ಲ. ಸ್ಟೇಷನ್‌ನ ನೇರ ಮೇಲೆ ಸಂಕೇತ ನಂಬುವಂತಿರುವುದಿಲ್ಲ. ಮುಳ್ಳು ಎರಡೂ ಕಡೆ ಬೀಸಿತು, 'ಟು' ಮಾಯವಾಯಿತು, ಕೆಲವು ಕ್ಷಣದ ಮೇಲೆ 'ಫ್ರಮ್' ಬಂತು. 6000 ಅಡಿಯಲ್ಲಿದ್ದ ಕಾರಣ ಡಿಎಂಇ ಒಂದು ಮೈಲಿಗಿಂತ ಕೆಳಗೆ ಇಳಿಯಲೇ ಇಲ್ಲ. ಅದು ಅಳೆಯುವುದು ವಿಮಾನದಿಂದ ಸ್ಟೇಷನ್‌ಗೆ ಓರೆ ದೂರ, ಆ ಎತ್ತರವೇ ಸುಮಾರು ಒಂದು ಮೈಲಿ.

ಅಲ್ಲಿಂದ ಮುಂದೆ ಅದೇ ದಿಕ್ಕಿಗೆ, 060 ರೇಡಿಯಲ್ ಮೇಲೆ ಹೊರಗೆ ಹೋಗಬೇಕಿತ್ತು. ಒಬಿಎಸ್‌ನಲ್ಲಿ ಆಗಲೇ 060 ಇತ್ತು, ಈಗ ಗುರುತು 'ಫ್ರಮ್', ಮೂಗೂ ಹೆಚ್ಚುಕಡಿಮೆ ಅದೇ ಕಡೆಗೆ. ಮೂರೂ ಹೊಂದಿದ್ದವು. ಗುಂಡಿ ಮುಟ್ಟಲಿಲ್ಲ. ಮುಳ್ಳು ಎಡಕ್ಕೆ ಒಂದು ಚುಕ್ಕಿ ತೋರಿಸುತ್ತಿತ್ತು, 043ಕ್ಕೆ ತಿರುಗಿ ಅದು ಬರುವುದನ್ನು ಕಾಯುತ್ತಾ ಕುಳಿತೆ.