ಕಬ್ಬಿಣ–ಕಾರ್ಬನ್ ನಕ್ಷೆ ಓದುವುದು ಹೇಗೆ: ಅಡ್ಡಗೆರೆಯ ಮೇಲೊಂದು ಲೆಕ್ಕ, ಕೆಳಗೊಂದು ಲೆಕ್ಕ

ಲಿವರ್ ರೂಲಿನ ಸೂತ್ರ ಬಾಯಿಪಾಠ ಇದ್ದವರೂ ಫೇಸ್ ಡಯಾಗ್ರಾಂನ ಅಡ್ಡಗೆರೆ ಬಂದ ಕೂಡಲೇ ತಪ್ಪುತ್ತಾರೆ. ಯುಟೆಕ್ಟಿಕ್ ಗೆರೆಯನ್ನು ಹೇಗೋ ದಾಟಿದರೂ ಪೆರಿಟೆಕ್ಟಿಕ್ ಗೆರೆಯಲ್ಲಿ ಸಿಕ್ಕಿಬೀಳುತ್ತಾರೆ. ಎರಡೂ ಒಂದೇ ಚಿತ್ರದಲ್ಲಿ ಇರುವುದರಿಂದ ಕಬ್ಬಿಣ–ಸಿಮೆಂಟೈಟ್ ನಕ್ಷೆಯನ್ನೇ ಇಟ್ಟುಕೊಂಡು ಕಲಿಯುವುದು ಒಳ್ಳೆಯದು.

ಮೊದಲು ಸರಿಯಾದ ಚಿತ್ರ

ಕೆಳಗಿನ ಅಕ್ಷ ತೂಕದ ಶೇಕಡಾವೋ ಪರಮಾಣುಗಳ ಶೇಕಡಾವೋ ಎಂದು ನೋಡಿಕೊಳ್ಳಿ. ಇಲ್ಲಿನ ಅಂಕಿಗಳೆಲ್ಲ ತೂಕದ ಶೇಕಡಾ.

ಪೂರ್ತಿ ನಕ್ಷೆ 0ಯಿಂದ ಸಿಮೆಂಟೈಟ್‌ನ 6.67ರವರೆಗೆ ಹರಡಿರುತ್ತದೆ. ಅದನ್ನು 20 ಸೆಂಟಿಮೀಟರ್ ಅಗಲಕ್ಕೆ ಅಚ್ಚು ಹಾಕಿದರೆ, ಪೆರಿಟೆಕ್ಟಿಕ್ ಮೂಲೆಯ 0.09 ಮತ್ತು 0.17ರ ನಡುವೆ ಉಳಿಯುವುದು ಬರೀ 2.4 ಮಿಲಿಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ಅದರಲ್ಲಿ ಐದನೇ ಒಂದು ಭಾಗವನ್ನು ನುಂಗುತ್ತದೆ. ಹಾಗಾಗಿ ಪೂರ್ತಿ ನಕ್ಷೆಯ ಮೇಲೆ ಪೆರಿಟೆಕ್ಟಿಕ್ ಲೆಕ್ಕ ಮಾಡಲೇಬೇಡಿ. 0ಯಿಂದ 0.6ರವರೆಗಿನ ಮೂಲೆಯನ್ನು ದೊಡ್ಡದಾಗಿ ಬರೆದ ಚಿತ್ರ ಹುಡುಕಿ, ಸಿಗದಿದ್ದರೆ ಗ್ರಾಫ್ ಹಾಳೆಯಲ್ಲಿ ನೀವೇ ಬರೆದುಕೊಳ್ಳಿ. 0.1ಕ್ಕೆ 2 ಸೆಂಟಿಮೀಟರ್ ಸಾಕು. ಪರೀಕ್ಷೆಯ ಹಿಂದಿನ ವಾರ ಕೈಯಿಂದ ಕೈಗೆ ಓಡಾಡುವ ಜೆರಾಕ್ಸ್ ಗೈಡುಗಳಲ್ಲಿ ಈ ಮೂಲೆಯನ್ನು ದುಂಡಗೆ ತಿದ್ದಿರುತ್ತಾರೆ, ಕೆಲವದರಲ್ಲಿ ಬಿಟ್ಟೇಬಿಟ್ಟಿರುತ್ತಾರೆ. ಅವುಗಳ ಮೇಲೆ ಸ್ಕೇಲ್ ಇಟ್ಟು ಪ್ರಯೋಜನವಿಲ್ಲ.

ಒಂದು ಪುಸ್ತಕದಲ್ಲಿ 1493 ಡಿಗ್ರಿ, ಇನ್ನೊಂದರಲ್ಲಿ 1495 ಎಂದಿದ್ದರೆ ಗಾಬರಿ ಬೇಡ. ಯಾವುದಾದರೂ ಒಂದು ಪುಸ್ತಕದ ಅಂಕಿಗಳನ್ನು ಹಿಡಿದು ಲೆಕ್ಕ ಮುಗಿಯುವವರೆಗೂ ಬಿಡಬೇಡಿ. ಎರಡು ಪುಸ್ತಕ ಬೆರೆಸಿದರೆ ತಾಳೆ ಬರುವುದಿಲ್ಲ.

ಗೆರೆ ಯಾವುದೆಂದು ಗುರುತಿಸುವುದು

ಅಡ್ಡಗೆರೆಯ ಮೇಲೆ ಮೂರು ಬಿಂದುಗಳಿರುತ್ತವೆ: ಎರಡು ತುದಿ, ಒಂದು ನಡು. ದ್ರವದ ಬಿಂದು ಎಲ್ಲಿದೆ ಎಂದಷ್ಟೇ ನೋಡಿ. ನಡುವೆ ಇದ್ದರೆ ಯುಟೆಕ್ಟಿಕ್, ತುದಿಯಲ್ಲಿದ್ದರೆ ಪೆರಿಟೆಕ್ಟಿಕ್. ನಮ್ಮ ನಕ್ಷೆಯಲ್ಲಿ 1147 ಡಿಗ್ರಿಯ ಗೆರೆಯ ಮೇಲೆ ಆಸ್ಟೆನೈಟ್ 2.14ರಲ್ಲಿ, ದ್ರವ 4.30ರಲ್ಲಿ, ಸಿಮೆಂಟೈಟ್ 6.67ರಲ್ಲಿ ಇವೆ. ದ್ರವ ನಡುವೆ ಇದೆ, ತಣಿಯುವಾಗ ಅದೇ ಎರಡು ಘನಗಳಾಗಿ ಒಡೆಯುತ್ತದೆ. 1495 ಡಿಗ್ರಿಯ ಗೆರೆಯ ಮೇಲೆ ಡೆಲ್ಟಾ ಫೆರೈಟ್ 0.09ರಲ್ಲಿ, ಆಸ್ಟೆನೈಟ್ 0.17ರಲ್ಲಿ, ದ್ರವ 0.53ರಲ್ಲಿ ಇವೆ. ಇಲ್ಲಿ ದ್ರವ ಬಲತುದಿಯಲ್ಲಿದೆ. ಅದು ಆಗಲೇ ಹುಟ್ಟಿರುವ ಡೆಲ್ಟಾ ಜೊತೆ ಕೂಡಿ ನಡುವಿನ ಆಸ್ಟೆನೈಟ್ ಆಗುತ್ತದೆ.

ಗೆರೆಗೆ ಆರಂಭ, ಅಂತ್ಯ ಎರಡೂ ಇವೆ ಎನ್ನುವುದನ್ನು ಮರೆಯಬೇಡಿ. 0.6 ಕಾರ್ಬನ್ ಇರುವ ಉಕ್ಕು 0.53ರ ಆಚೆಗಿದೆ. ಅದಕ್ಕೆ ಪೆರಿಟೆಕ್ಟಿಕ್ ಕ್ರಿಯೆಯೇ ಇಲ್ಲ, ದ್ರವದಿಂದ ನೇರವಾಗಿ ಆಸ್ಟೆನೈಟ್ ಹುಟ್ಟುತ್ತದೆ.

ಸ್ಕೇಲ್ ಇಡುವುದು

0.12 ಕಾರ್ಬನ್ ಇರುವ ಉಕ್ಕನ್ನು ತೆಗೆದುಕೊಳ್ಳೋಣ. 0.12ರಿಂದ ನೆಟ್ಟಗೆ ಮೇಲಕ್ಕೆ ಗೆರೆ ಎಳೆಯಿರಿ. ಕೊನೆಯವರೆಗೂ ಇದು ಕದಲುವುದಿಲ್ಲ, ಏಕೆಂದರೆ ಒಟ್ಟು ಉಕ್ಕಿನ ಕಾರ್ಬನ್ ಬದಲಾಗುವುದಿಲ್ಲ. ಬೇಕಾದ ಉಷ್ಣಾಂಶದಲ್ಲಿ ಅಡ್ಡಲಾಗಿ ಟೈ ಲೈನ್ ಎಳೆದು, ಎರಡೂ ಕಡೆ ಮೊದಲು ಸಿಗುವ ಗಡಿಯಲ್ಲೇ ನಿಲ್ಲಿಸಿ. ಗಡಿ ದಾಟಿ ಎಳೆದರೆ ಲೆಕ್ಕ ಕೆಟ್ಟಿತು.

1510 ಡಿಗ್ರಿಯಲ್ಲಿ ಟೈ ಲೈನಿನ ಎಡತುದಿ ಸುಮಾರು 0.06ರಲ್ಲಿ, ಬಲತುದಿ ಸುಮಾರು 0.35ರಲ್ಲಿ ಗಡಿ ಮುಟ್ಟುತ್ತದೆ. ಅಂದರೆ ಆಗಿರುವ ಡೆಲ್ಟಾದಲ್ಲಿ ಕಾರ್ಬನ್ 0.06, ಉಳಿದ ದ್ರವದಲ್ಲಿ 0.35. ಎರಡರಲ್ಲೂ 0.12 ಇಲ್ಲ. "ದ್ರವದ ಕಾರ್ಬನ್ ಎಷ್ಟು?" ಎಂಬ ಪ್ರಶ್ನೆಗೆ 0.12 ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಯಾವ ಫೇಸಿನಲ್ಲಿ ಎಷ್ಟು ಕಾರ್ಬನ್ ಎನ್ನುವುದನ್ನು ತುದಿಗಳು ಹೇಳುತ್ತವೆ, ಯಾವ ಫೇಸ್ ಎಷ್ಟಿದೆ ಎನ್ನುವುದನ್ನು ತೋಳುಗಳ ಉದ್ದ ಹೇಳುತ್ತದೆ.

ದ್ರವದ ಪಾಲು ಬೇಕಾದರೆ ದ್ರವಕ್ಕೆ ಎದುರಿನ ತೋಳನ್ನು ಒಟ್ಟು ಉದ್ದದಿಂದ ಭಾಗಿಸಿ:

(0.12 − 0.06) ÷ (0.35 − 0.06) = 0.21

ದ್ರವ ಸುಮಾರು ಶೇ 21. ಯಾವ ತೋಳು ಎಂಬ ಗೊಂದಲ ಬಂದರೆ ಮಕ್ಕಳ ಪಾರ್ಕಿನ ಸೀಸಾ ನೆನೆಸಿಕೊಳ್ಳಿ. ಅಪ್ಪ ಮಗು ಇಬ್ಬರೂ ಸಮತೂಕದಲ್ಲಿ ನಿಲ್ಲಬೇಕಾದರೆ ಭಾರದ ಅಪ್ಪ ನಡುಗೂಟದ ಹತ್ತಿರ ಕೂರಬೇಕು. 0.12ಕ್ಕೆ ಹತ್ತಿರ ಇರುವುದು ಡೆಲ್ಟಾ, ಹಾಗಾಗಿ ಡೆಲ್ಟಾವೇ ಹೆಚ್ಚು. ಉತ್ತರ ಇದಕ್ಕೆ ವಿರುದ್ಧ ಬಂದಿದ್ದರೆ ತೋಳು ಅದಲುಬದಲಾಗಿದೆ.

ಪೆರಿಟೆಕ್ಟಿಕ್ ಗೆರೆ ದಾಟುವುದು

ಗೆರೆಯ ಮೇಲೆಯೇ, ಸರಿಯಾಗಿ 1495ರಲ್ಲಿ, ಲಿವರ್ ರೂಲ್ ಹಾಕಬಾರದು. ಅಲ್ಲಿ ಮೂರು ಫೇಸ್‌ಗಳು ಒಟ್ಟಿಗಿವೆ, ಕ್ರಿಯೆ ಎಷ್ಟು ಮುಗಿದಿದೆ ಎಂಬುದರ ಮೇಲೆ ಪಾಲು ಬದಲಾಗುತ್ತಲೇ ಇರುತ್ತದೆ. ಮಾಡಬೇಕಾದದ್ದು ಎರಡು ಲೆಕ್ಕ: ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಒಂದು, ಕೂದಲೆಳೆಯಷ್ಟು ಕೆಳಗೆ ಒಂದು.

ಮೇಲೆ ಇರುವುದು ಡೆಲ್ಟಾ ಮತ್ತು ದ್ರವ, ತುದಿಗಳು 0.09 ಮತ್ತು 0.53:

ದ್ರವ = (0.12 − 0.09) ÷ (0.53 − 0.09) = 0.068

ಶೇ 6.8 ದ್ರವ, ಶೇ 93.2 ಡೆಲ್ಟಾ. ನೀವು ಬರೆದುಕೊಂಡ ಗ್ರಾಫಿನಲ್ಲಿ ಮಿಲಿಮೀಟರ್ ಅಳೆದರೂ ಇದೇ ಬರುತ್ತದೆ: 6 ಮಿಮೀ ತೋಳು, 88 ಮಿಮೀ ಒಟ್ಟು ಉದ್ದ.

ಗೆರೆಯ ಕೆಳಗೆ ಬಂದಾಗ ಬಲತುದಿಯೇ ಬದಲಾಗುತ್ತದೆ. 0.12 ಈಗ ಇರುವುದು ಡೆಲ್ಟಾ ಮತ್ತು ಆಸ್ಟೆನೈಟ್ ಇರುವ ಕಿರಿದಾದ ವಲಯದಲ್ಲಿ. ತುದಿಗಳು 0.09 ಮತ್ತು 0.17. ಇಲ್ಲೂ 0.53 ಹಾಕುವುದೇ ಅತಿ ಸಾಮಾನ್ಯ ತಪ್ಪು.

ಆಸ್ಟೆನೈಟ್ = (0.12 − 0.09) ÷ (0.17 − 0.09) = 0.375

ಶೇ 37.5 ಆಸ್ಟೆನೈಟ್, ಶೇ 62.5 ಡೆಲ್ಟಾ. ಇಷ್ಟಕ್ಕೇ ನಿಲ್ಲಿಸದೆ ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಡಿ. ದ್ರವ ಇದ್ದದ್ದು ಶೇ 6.8, ಈಗ ಇಲ್ಲ. ಡೆಲ್ಟಾ 93.2ರಿಂದ 62.5ಕ್ಕೆ ಇಳಿದಿದೆ, ಅಂದರೆ 30.7 ಖರ್ಚಾಗಿದೆ. 6.8ಕ್ಕೆ 30.7 ಸೇರಿಸಿದರೆ ಆಸ್ಟೆನೈಟ್‌ನ 37.5 ಸರಿಯಾಗಿ ಬಂತು. ಈ ಕ್ರಿಯೆಯಲ್ಲಿ ದ್ರವ ಮತ್ತು ಡೆಲ್ಟಾ ಯಾವಾಗಲೂ 1ಕ್ಕೆ 4.5ರಂತೆ ಖರ್ಚಾಗುತ್ತವೆ, ಏಕೆಂದರೆ 0.17ರಿಂದ ಡೆಲ್ಟಾದ ಕಡೆಗೆ 0.08 ದೂರ, ದ್ರವದ ಕಡೆಗೆ 0.36 ದೂರ. 6.8ನ್ನು 4.5ರಿಂದ ಗುಣಿಸಿ ನೋಡಿ, 30.7ರ ಆಸುಪಾಸಿಗೆ ಬರಬೇಕು. ಬರದಿದ್ದರೆ ಯಾವುದೋ ತುದಿಯನ್ನು ತಪ್ಪಾಗಿ ಓದಿದ್ದೀರಿ.

0.17ರ ಬಲಕ್ಕಿರುವ ಉಕ್ಕಿಗೆ ಕಥೆ ತಿರುವುಮುರುವು. 0.30 ಕಾರ್ಬನ್ ತೆಗೆದುಕೊಂಡರೆ ಗೆರೆಗಿಂತ ತುಸು ಮೇಲೆ ದ್ರವ ಶೇ 47.7, ಡೆಲ್ಟಾ ಶೇ 52.3. ಕೆಳಗೆ ಡೆಲ್ಟಾ ಪೂರ್ತಿ ಖಾಲಿ, ಉಳಿಯುವುದು ಆಸ್ಟೆನೈಟ್ ಮತ್ತು ದ್ರವ. ತುದಿಗಳು 0.17 ಮತ್ತು 0.53, ದ್ರವ ಶೇ 36.1. ಇಲ್ಲಿ ಗೆರೆ ದಾಟಿದ ಮೇಲೂ ಲೋಹ ಪೂರ್ತಿ ಗಟ್ಟಿಯಾಗಿಲ್ಲ. ಗೆರೆ ಮುಗಿದರೆ ದ್ರವ ಮುಗಿಯಿತು ಎಂಬ ಯುಟೆಕ್ಟಿಕ್ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಅದಕ್ಕಾಗಿಯೇ ಲೆಕ್ಕಕ್ಕೆ ಮೊದಲು ಉಕ್ಕು 0.17ರ ಎಡಕ್ಕೋ ಬಲಕ್ಕೋ ಎಂದು ಬರೆದುಕೊಳ್ಳಬೇಕು.

ಉಕ್ಕಿನ ಕಾರ್ಖಾನೆಗೆ ಈ ಪುಟ್ಟ ಮೂಲೆ ತಲೆನೋವು ತರುವ ಜಾಗ. ಡೆಲ್ಟಾಗಿಂತ ಆಸ್ಟೆನೈಟ್‌ನಲ್ಲಿ ಪರಮಾಣುಗಳು ಒತ್ತೊತ್ತಾಗಿ ಕೂರುತ್ತವೆ, ಹಾಗಾಗಿ ಬದಲಾವಣೆ ಆಗುವಾಗ ಲೋಹ ಕುಗ್ಗುತ್ತದೆ. 0.12ರಂಥ ಉಕ್ಕಿನಲ್ಲಿ ದ್ರವ ಮುಗಿದ ಗಳಿಗೆಯಲ್ಲಿ ಇನ್ನೂ ಶೇ 62.5 ಡೆಲ್ಟಾ ಉಳಿದಿದೆ. ಸುಮಾರು 1465 ಡಿಗ್ರಿ ತಲುಪುವಷ್ಟರಲ್ಲಿ ಅದೆಲ್ಲ ಆಸ್ಟೆನೈಟ್ ಆಗಬೇಕು. ಕಂಟಿನ್ಯೂಯಸ್ ಕಾಸ್ಟಿಂಗ್ ಅಚ್ಚಿನೊಳಗೆ ಆಗಷ್ಟೇ ಗಟ್ಟಿಯಾದ ತೆಳು ಪದರ ಈ ಕುಗ್ಗುವಿಕೆಯಿಂದ ಅಚ್ಚಿನ ಗೋಡೆ ಬಿಟ್ಟು ಒಳಸರಿಯುತ್ತದೆ. ಬಿಟ್ಟಲ್ಲಿ ಶಾಖ ಹೊರಹೋಗದೆ ಪದರ ತೆಳುವಾಗಿಯೇ ಉಳಿದು, ಉದ್ದುದ್ದ ಬಿರುಕು ಬಿಡುತ್ತದೆ. ನಿಜವಾದ ಉಕ್ಕಿನಲ್ಲಿ ಮ್ಯಾಂಗನೀಸ್, ಸಿಲಿಕಾನ್ ಕೂಡ ಇರುವುದರಿಂದ ಈ ಬಿಂದುಗಳು ಆಚೀಚೆ ಸರಿಯುತ್ತವೆ, ಆದರೆ ತೊಂದರೆಯ ಸ್ವರೂಪ ಇದೇ.

ಯುಟೆಕ್ಟಿಕ್ ಗೆರೆ

ಇದು ಸುಲಭ. 3.0 ಕಾರ್ಬನ್ ಇರುವ ಬಿಳಿ ಎರಕ ಕಬ್ಬಿಣಕ್ಕೆ 1147ರ ತುಸು ಮೇಲೆ ದ್ರವ (3.0 − 2.14) ÷ (4.30 − 2.14), ಅಂದರೆ ಶೇ 39.8. ಉಳಿದ ಶೇ 60.2 ಮೊದಲೇ ಹುಟ್ಟಿದ ಆಸ್ಟೆನೈಟ್. ತುಸು ಕೆಳಗೆ ಸಿಮೆಂಟೈಟ್ (3.0 − 2.14) ÷ (6.67 − 2.14), ಅಂದರೆ ಶೇ 19.0, ಆಸ್ಟೆನೈಟ್ ಶೇ 81.0.

ಎಡವುವುದು ಪ್ರಶ್ನೆಯ ಮಾತಿನಲ್ಲಿ. "ಆಸ್ಟೆನೈಟ್ ಎಷ್ಟು?" ಎಂದರೆ 81.0. "ಲೆಡೆಬುರೈಟ್ ಎಷ್ಟು?" ಎಂದರೆ 39.8, ಏಕೆಂದರೆ ಲೆಡೆಬುರೈಟ್ ಒಂದು ಫೇಸ್ ಅಲ್ಲ, ಕೊನೆಯ ದ್ರವ ಒಡೆದು ಆದ ಎರಡು ಫೇಸ್‌ಗಳ ಹೆಣಿಗೆ. ಅದರೊಳಗೆ 19.0 ಸಿಮೆಂಟೈಟ್, 20.8 ಆಸ್ಟೆನೈಟ್. ಈ 20.8ಕ್ಕೆ ಮೊದಲಿನ 60.2 ಕೂಡಿಸಿದರೆ 81.0 ತಾಳೆಯಾಗುತ್ತದೆ.

ಎಲ್ಲಿ ಕೈಕೊಡುತ್ತದೆ

ಲಿವರ್ ರೂಲ್ ಕೊಡುವುದು ತೂಕದ ಪಾಲು, ಅದೂ ನಿಧಾನವಾಗಿ ತಣಿದು ಸಮಸ್ಥಿತಿಗೆ ಬಂದ ಲೋಹದ್ದು. ಮೈಕ್ರೋಸ್ಕೋಪಿನಲ್ಲಿ ಅಳೆಯುವುದು ವಿಸ್ತೀರ್ಣ. ಫೇಸ್‌ಗಳ ಸಾಂದ್ರತೆ ಬೇರೆಬೇರೆ ಇದ್ದರೆ ಎರಡೂ ಒಂದೇ ಆಗುವುದಿಲ್ಲ. ಪೆರಿಟೆಕ್ಟಿಕ್‌ನಲ್ಲಿ ಹೊಸ ಫೇಸ್ ಹಳೆಯದರ ಸುತ್ತ ಕವಚ ಕಟ್ಟುತ್ತದೆ, ಮುಂದಿನ ಕ್ರಿಯೆಗೆ ಪರಮಾಣುಗಳು ಆ ಕವಚ ತೂರಿ ಹೋಗಬೇಕು. ಚಿಕ್ಕ ಕಾರ್ಬನ್ ಪರಮಾಣು ಅಷ್ಟು ಬಿಸಿಯಲ್ಲಿ ಬೇಗ ತೂರುವುದರಿಂದ ಉಕ್ಕಿನಲ್ಲಿ ಲೆಕ್ಕ ಹೆಚ್ಚುಕಡಿಮೆ ನಿಲ್ಲುತ್ತದೆ. ತಾಮ್ರ–ತವರದ ಕಂಚಿನಲ್ಲಿ ತವರ ನಿಧಾನಕ್ಕೆ ಸರಿಯುವುದರಿಂದ ಎರಕದ ತುಂಡಿನಲ್ಲಿ ಕ್ರಿಯೆ ಅರ್ಧಕ್ಕೇ ನಿಂತು, ನಕ್ಷೆ ಹೇಳದ ಫೇಸ್ ಕೂಡ ಉಳಿದಿರುತ್ತದೆ.

ಬೆಳಗಾವಿಯ ಫೌಂಡ್ರಿಗಳಲ್ಲಿ ಹೊಯ್ಯುವಂಥ ಬೂದು ಎರಕ ಕಬ್ಬಿಣಕ್ಕೂ ಈ ನಕ್ಷೆಯನ್ನು ನೇರವಾಗಿ ಹಚ್ಚಬೇಡಿ. ಅಲ್ಲಿ ಸಿಲಿಕಾನ್ ಹೆಚ್ಚು, ಸಿಮೆಂಟೈಟ್ ಬದಲು ಗ್ರಾಫೈಟ್ ಹುಟ್ಟುತ್ತದೆ. ಮೊದಲು ಕಾರ್ಬನ್ ಇಕ್ವಿವೆಲೆಂಟ್ ತೆಗೆಯಿರಿ, ಅಂದರೆ ಕಾರ್ಬನ್‌ಗೆ ಸಿಲಿಕಾನ್‌ನ ಮೂರನೇ ಒಂದು ಭಾಗ ಸೇರಿಸಿ. 3.4 ಕಾರ್ಬನ್, 2.1 ಸಿಲಿಕಾನ್ ಇದ್ದರೆ ಅದು 4.1 ಆಗುತ್ತದೆ. 3.4 ಎಂದೇ ಓದಿದವರಿಗೆ ಯುಟೆಕ್ಟಿಕ್ ಬಿಂದು ದೂರ ಕಾಣಿಸುತ್ತದೆ, ಮೂಸೆಯಲ್ಲಿರುವ ಲೋಹ ಮಾತ್ರ ಅದರ ಹತ್ತಿರಕ್ಕೆ ಬಂದಿರುತ್ತದೆ.