ಪೋಸ್ಟ್‌ನಿಂದ ಗೆಜ್ಜೆ ತೆಗೆದ ಮೇಲೆ

ಮೈಸೂರಿನಲ್ಲಿ ನಮ್ಮ ಮನೆಯ ಮಹಡಿಯಲ್ಲೇ ನಾನು ಭರತನಾಟ್ಯ ಹೇಳಿಕೊಡುತ್ತೇನೆ. ಸಂಗೀತದ ಕ್ಲಾಸು ನನ್ನ ತಂಗಿಯದು. ಹೊಸ ಬ್ಯಾಚ್ ವರ್ಷಕ್ಕೆ ಎರಡು ಸಲ, ಶಾಲೆ ತೆರೆದ ಮೇಲೆ ಜೂನ್‌ನಲ್ಲಿ ಮತ್ತೆ ವಿಜಯದಶಮಿಗೆ.

ಮೊದಮೊದಲು ನಮ್ಮ ಪೋಸ್ಟ್‌ನಲ್ಲಿ ಗೆಜ್ಜೆ ಕಟ್ಟಿದ ಪಾದಗಳ ಫೋಟೋ ಇರುತ್ತಿತ್ತು. ಕೆಳಗೆ 'ಪ್ರವೇಶ ಆರಂಭವಾಗಿದೆ, ಉಚಿತ ಡೆಮೊ ಕ್ಲಾಸ್‌ಗೆ ಬನ್ನಿ' ಅಂತ ಎರಡು ಸಾಲು. ಡೆಮೊಗೆ ಬಂದವರಿಗೆ ದೊಡ್ಡ ಹುಡುಗಿಯರ ನೃತ್ಯ ತೋರಿಸುತ್ತಿದ್ದೆವು. ಅಪ್ಪ ಅಮ್ಮಂದಿರಿಗೆ ಖುಷಿಯಾಗಿ ಅಲ್ಲೇ ಫೀಸ್ ಕಟ್ಟುತ್ತಿದ್ದರು. ಆದರೆ ಎರಡು ತಿಂಗಳಲ್ಲಿ ಎಷ್ಟೋ ಮಕ್ಕಳು ಬಿಟ್ಟುಬಿಡುತ್ತಿದ್ದರು. ಒಬ್ಬ ತಾಯಿ ಬಾಯಿಬಿಟ್ಟು ಕೇಳಿದರು: "ಮೇಡಂ, ಇನ್ನೂ ಗೆಜ್ಜೆನೇ ಕಟ್ಟಿಸಿಲ್ವಲ್ಲ, ಬರೀ ಕಾಲು ತಟ್ಟೋದೇ ಆಯ್ತು."

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮಲ್ಲಿ ಮೊದಲ ಸಲ ಗೆಜ್ಜೆ ಕಟ್ಟಿಸುವ ಗೆಜ್ಜೆಪೂಜೆಗೆ ಮೂರ್ನಾಲ್ಕು ವರ್ಷ ಬೇಕು. ಮೊದಲ ದಿನವೇ ಗೆಜ್ಜೆ ತೋರಿಸಿ ಕರೆದವರು ನಾವೇ ಅಲ್ವಾ?

ಮುಂದಿನ ವಿಜಯದಶಮಿಗೆ ಫೋಟೋ ಬದಲಾಯಿಸಿದೆವು. ತಾಳ ತಟ್ಟುವ ಕೋಲು ಮತ್ತು ಮಣೆ, ಅಷ್ಟೇ. ಮಕ್ಕಳ ಮುಖ ಹಾಕಲಿಲ್ಲ. ಪೋಸ್ಟ್ ಹೀಗಿತ್ತು:

'6 ರಿಂದ 9 ವರ್ಷದ ಮಕ್ಕಳಿಗೆ ಭರತನಾಟ್ಯ. ಶನಿವಾರ, ಭಾನುವಾರ ಬೆಳಿಗ್ಗೆ 10ಕ್ಕೆ, ಒಂದು ಗಂಟೆ. ಮೊದಲ ವರ್ಷ ಮೂಲ ಹೆಜ್ಜೆಗಳಾದ ಅಡವುಗಳು ಮಾತ್ರ, ಗೆಜ್ಜೆ ಇರುವುದಿಲ್ಲ. ಡೆಮೊ ಉಚಿತ, 45 ನಿಮಿಷ, ಹತ್ತು ಮಕ್ಕಳಿಗೆ ಮಾತ್ರ. ಸಡಿಲ ಬಟ್ಟೆ ಹಾಕಿಸಿ, ಜೊತೆಗೆ ನೀವೂ ಕೂರಿ.'

ಇದರ ಕೆಳಗೆ ತಿಂಗಳ ಫೀಸನ್ನೂ ಬರೆದೆವು. 'ಫೀಸ್‌ಗೆ ಕರೆ ಮಾಡಿ' ಅಂತ ಬರೆದಾಗ ಸುಮ್ನೆ ವಿಚಾರಿಸುವ ಫೋನ್‌ಗಳೇ ಜಾಸ್ತಿ ಬರುತ್ತಿದ್ದವು.

ಡೆಮೊದಲ್ಲಿ ಪ್ರದರ್ಶನ ಇಡಲಿಲ್ಲ. ಮಕ್ಕಳನ್ನೇ ಮಂಡಿ ಅರ್ಧ ಬಗ್ಗಿಸಿ ಅರೆಮಂಡಿಯಲ್ಲಿ ನಿಲ್ಲಿಸಿ, 'ತೈಯಾ ತೈ' ಹೇಳಿ ಮೊದಲನೇ ತಟ್ಟಡವು ಮಾಡಿಸಿದೆ. ಮೊದಲು ನಿಧಾನ ಕಾಲದಲ್ಲಿ, ಆಮೇಲೆ ಅದರ ಎರಡರಷ್ಟು ವೇಗದ ಎರಡನೇ ಕಾಲದಲ್ಲಿ. ಹತ್ತು ನಿಮಿಷಕ್ಕೆ ತೊಡೆ ನೋಯುತ್ತದೆ. ನಾನು ಕಾಯುವುದು ಆ ಹೊತ್ತಿಗೇ. ನೋವಾದರೂ "ಇನ್ನೊಂದ್ಸಲ ಮಿಸ್" ಅನ್ನುವ ಮಗು ಉಳಿಯುತ್ತದೆ. ಅಮ್ಮನ ಕಡೆ ಓಡುವ ಮಗುವಿಗೆ ಇನ್ನೊಂದು ವರ್ಷ ಬಿಟ್ಟು ಬರಲು ಹೇಳುತ್ತೇನೆ. ಆರು ವರ್ಷದವರಲ್ಲಿ ಇದು ಮಾಮೂಲು.

ತಂಗಿಯ ಡೆಮೊದಲ್ಲಿ ತೊಂದರೆ ಬೇರೆ. ಏಳು ವರ್ಷದ ಹುಡುಗಿಗೂ ಗಂಟಲು ಒಡೆಯುತ್ತಿರುವ ಹದಿಮೂರರ ಹುಡುಗನಿಗೂ ಒಂದೇ ಶ್ರುತಿ ಹೊಂದುವುದಿಲ್ಲ. ಅವಳು ಮೊದಲು ಒಬ್ಬೊಬ್ಬರಿಂದ ಸ-ಪ-ಸ ಹಾಡಿಸಿ ಶ್ರುತಿ ನೋಡುತ್ತಾಳೆ. ಅದರ ಮೇಲೆ ಗುಂಪು ಮಾಡಿ, ಮಾಯಾಮಾಳವಗೌಳ ರಾಗದಲ್ಲಿ ಮೊದಲ ಸ್ವರಪಾಠವಾದ ಸರಳೆ ಹೇಳಿಕೊಡುತ್ತಾಳೆ. ಅದಕ್ಕೇ ಈಗ ಸಂಗೀತದ ಪೋಸ್ಟ್‌ನಲ್ಲಿ ವಯಸ್ಸಿಗೆ ತಕ್ಕ ಹಾಗೆ ಎರಡು ಬೇರೆ ಹೊತ್ತು ಹಾಕುತ್ತೇವೆ.

ಆ ವಿಜಯದಶಮಿಗೆ ಫೋನ್ ಕಮ್ಮಿಯೇ ಬಂತು. ಡೆಮೊಗೆ ಒಂಬತ್ತು ಮಕ್ಕಳು ಬಂದರು, ಆರು ಸೇರಿದರು. ಜೂನ್‌ನಲ್ಲಿ ಹೊಸ ಪೋಸ್ಟ್ ಹಾಕುವಾಗಲೂ ಆ ಆರರಲ್ಲಿ ಐವರು ಕ್ಲಾಸಿಗೆ ಬರುತ್ತಿದ್ದರು.